ಚನ್ನುವಿನ ಕಂಟ್ರೋಲರ್, ನನ್ನ ಕ್ಯಾಮೆರಾ

ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಅನ್ನುವುದು ವಾಡಿಯ ನಮ್ಮ ಓಣಿಗೆಲ್ಲ ಗೊತ್ತು. ಗೊತ್ತಿರಲಿ ಬಿಡಿ. ನಮ್ಮ ಮನೆಯಲ್ಲಿ ಅಪ್ಪ ಮಾತಾಡುವುದಿಲ್ಲ, ಅವ್ವ ಮಾತಾಡುವ ಮೊದಲೇ ಅಳುತ್ತಾಳೆ, ತಮ್ಮನಿಗೆ ಎದ್ದು ನಿಲ್ಲಲಿಕ್ಕೆ ಬರುವುದಿಲ್ಲ. ಇಂಥ ಮನೆಯಲ್ಲಿ ಒಬ್ಬಳಾದರೂ ಬಾಯಿ ಇರುವವಳು ಬೇಕೋ ಬೇಡವೋ ನೀವೇ ಹೇಳಿ.

ತಮ್ಮನ ಹೆಸರು ಚನ್ನು. ಸ್ನಾಯು ಸೊರಗುವ ಕಾಯಿಲೆ ಅವನಿಗೆ. ಕನ್ನಡ ಶಾಲೆಯಲ್ಲಿ ಓದುವಾಗಲೇ ಕಾಲು ಹೋದವು. ಕಾಲೇಜಿನ ವಯಸ್ಸಿಗೆ ಭುಜ ಹೋದವು. ಈಗ ಗಾಲಿಕುರ್ಚಿಯಲ್ಲಿ ಕೂರಿಸಿ, ಬೆನ್ನಿಗೆ ಒಂದು ದಿಂಬು, ತೊಡೆಯ ಮೇಲೆ ಒಂದು ದಿಂಬು ಇಟ್ಟರೆ ಕೂತಿರುತ್ತಾನೆ. ಉಳಿದದ್ದು ಬಾಯಿ ಮತ್ತು ಬೆರಳು. ಬಾಯಿ ಭಾಳ ಜೋರು, ಅದರಲ್ಲಿ ನನ್ನ ತಮ್ಮನೇ. ಬೆರಳಿನ ಬಗ್ಗೆ ಕಲಬುರಗಿಯ ಡಾಕ್ಟರು ಮೊದಲೇ ಹೇಳಿದ್ದರು, "ಅವು ಕೊನಿಗೆ ಹೋಗ್ತಾವಮ್ಮ. ಇರೋತನಕ ಬಳಸಲಿ" ಎಂದು.

ಆ ಬೆರಳಿನಿಂದ ಅವನು ಫುಟ್‌ಬಾಲ್ ಆಡುತ್ತಿದ್ದ. ಕಂಪ್ಯೂಟರಿನಲ್ಲಿ, ಮತ್ತೆಲ್ಲಿ? ತೊಡೆಯ ದಿಂಬಿನ ಮೇಲೆ ಕಂಟ್ರೋಲರ್ ಇಟ್ಟುಕೊಂಡು, ಎರಡೂ ಹೆಬ್ಬೆರಳನ್ನು ಅದರ ಎರಡು ಕಡ್ಡಿಗಳ ಮೇಲೆ ಊರಿ ಕೂತನೆಂದರೆ ಪರದೆಯ ಮೇಲೆ ಹನ್ನೊಂದು ಮಂದಿ ಅವನು ಹೇಳಿದ ಹಾಗೆ ಓಡುತ್ತಿದ್ದರು. ತಂಡದ ಆಟಗಾರರಿಗೆಲ್ಲ ನಮ್ಮ ಓಣಿಯವರ ಹೆಸರು ಇಟ್ಟಿದ್ದ. ಹಾಲಿನ ಅಂಬರಾಯ ಗೋಲು ಕಾಯುತ್ತಿದ್ದ, ಕಿರಾಣಿ ಅಂಗಡಿಯ ತಮ್ಮಣ್ಣ ನಡುವೆ ನಿಂತು ಚೆಂಡು ಕಸಿದುಕೊಳ್ಳುತ್ತಿದ್ದ. ನಿಜವಾದ ತಮ್ಮಣ್ಣನಿಗೆ ಅಂಗಡಿಯ ಕಟ್ಟೆ ಇಳಿಯುವುದಕ್ಕೇ ಇಬ್ಬರ ಆಸರೆ ಬೇಕು. ಅದನ್ನು ನೋಡಿ ಇಡೀ ಓಣಿ ನಗುತ್ತಿತ್ತು.

ಕಂಟ್ರೋಲರಿಗೆ ವೈರ್ ಇರಲಿಲ್ಲ, ಬ್ಲೂಟೂತಿನಲ್ಲಿ ನಡೆಯುತ್ತಿತ್ತು. ವೈರ್ ಹಾಕಿ ಒಮ್ಮೆ ನೋಡಿದ್ದೆವು. ವೈರಿನ ಭಾರಕ್ಕೇ ಅವನ ಮಣಿಕಟ್ಟು ಹೊರಳಿಬಿಡುತ್ತಿತ್ತು. ಒಂದು ವೈರಿನ ಭಾರ ಎಷ್ಟಿರುತ್ತದೆ? ಅದೂ ಅವನಿಗೆ ಹೆಚ್ಚೇ. ಆ ದಿನ ಅವ್ವ ಅಡುಗೆಮನೆಗೆ ಹೋಗಿ ಬಹಳ ಹೊತ್ತು ಬರಲಿಲ್ಲ.

ದೀಪಾವಳಿ ಆದಮೇಲೆ ಆಟ ಕೆಟ್ಟಿತು. ಚನ್ನು ಕಡ್ಡಿ ಒತ್ತುತ್ತಾನೆ, ಪರದೆಯ ಆಟಗಾರ ತಡವಾಗಿ ಹೆಜ್ಜೆ ಎತ್ತುತ್ತಾನೆ. ಆಮೇಲೆ ನಿಂತೇಬಿಡುತ್ತಾನೆ. ಕಂಟ್ರೋಲರಿನ ಮುಂದಿನ ಸಣ್ಣ ದೀಪ ಮಿಣಮಿಣ ಎನ್ನುತ್ತದೆ. ಸಂಪರ್ಕ ಇದ್ದರೆ ಅದು ಒಂದೇ ಸಮ ಉರಿಯಬೇಕು. ಮತ್ತೆ ಜೋಡಿಸಬೇಕೆಂದರೆ ನಡುವಿನ ಗುಂಡಿ ಒತ್ತಬೇಕು. ಅದು ಅವನ ಬೆರಳಿಗೆ ಎಟಕುವುದಿಲ್ಲ, ಅವ್ವ ಒಲೆ ಬಿಟ್ಟು ಓಡಿ ಬರಬೇಕು.

"ಯವ್ವಾ, ಕಟ್ ಆಯ್ತು!"

"ಬಂದೆ ನನ್ನಪ್ಪಾ."

ಒಂದು ಸಂಜೆಗೆ ಎಷ್ಟು ಸಲ ಬರುತ್ತಿದ್ದಳೋ ನಮ್ಮವ್ವ ನೀಲಾಬಾಯಿ, ಹಿಟ್ಟಿನ ಕೈಯಲ್ಲೇ. ಗುಂಡಿಯ ಮೇಲೆ ಜೋಳದ ಹಿಟ್ಟು ಒಣಗಿ ಬೆಳ್ಳಗೆ ಕಾಣುತ್ತಿತ್ತು.

ಚನ್ನುವಿನ ಶಾಲೆಯ ಗೆಳೆಯ ಲಾಲ್ ಅಹ್ಮದ್ ಸ್ಟೇಷನ್ ರಸ್ತೆಯಲ್ಲಿ ಮೊಬೈಲ್, ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಅವನು ಬ್ಯಾಟರಿ ಹಾಳಾಗಿದೆ ಎಂದು ಬ್ಯಾಟರಿ ಬದಲಿಸಿದ. ಎರಡು ದಿನ ಸುಮಾರಾಗಿ ನಡೆದು ಮತ್ತೆ ಅದೇ ಕತೆ. ಕಂಟ್ರೋಲರೇ ಹಳೆಯದಾಯಿತು ಎಂದು ಹೊಸದನ್ನು ತರಿಸಿಕೊಟ್ಟ. ಅದೂ ಅದೇ ಹಾಡು.

ಹೊಸದೂ ಹಾಗೇ ಆದಮೇಲೆ ನನ್ನ ಮನಸ್ಸು ಬೇರೆ ಕಡೆ ಹೋಯಿತು. ಕಾರಣ ಇತ್ತು. ದೀಪಾವಳಿಯ ಸುಮಾರಿಗೇ ಡಾಕ್ಟರು ಅವನ ಅಂಗೈ ಹಿಡಿದು ನೋಡಿ, "ಹಿಡಿತ ಸ್ವಲ್ಪ ಕಮ್ಮಿ ಆದಂಗದ, ಸಂಕ್ರಾಂತಿ ಆದಮ್ಯಾಲೆ ಕರ್ಕೊಂಡು ಬರ್ರಿ, ಸರಿಯಾಗಿ ಪರೀಕ್ಷಾ ಮಾಡೂಣು" ಎಂದಿದ್ದರು. ಕಂಟ್ರೋಲರ್ ಹೊಸದು, ಬ್ಯಾಟರಿ ಹೊಸದು. ಹಳೆಯದು ಯಾವುದು? ಕೈ. ನಾನು ಲೆಕ್ಕ ಹಾಕಿಬಿಟ್ಟೆ.

ಇನ್ನೊಂದು ಸಾಕ್ಷಿಯೂ ಇತ್ತು ನನ್ನ ಹತ್ತಿರ, ಕ್ಯಾಮೆರಾ. ನಾನು ಚಿತ್ತಾಪುರದ ಕೋರ್ಟಿನ ಎದುರಿನ ಟೈಪಿಂಗ್ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಬೆಳಿಗ್ಗೆ ರೈಲುಗಾಡಿ ಹತ್ತಿದರೆ ಕತ್ತಲಾಗುವ ಮುಂದೆ ಮನೆ. ದೀಪಾವಳಿಯ ಹೊತ್ತಿಗೆ ಒಂದು ದಿನ ಅವ್ವ ಗಿರಣಿಗೆ ಹೋದಾಗ ಚನ್ನು ಕುರ್ಚಿಯಿಂದ ಜಾರಿ ನೆಲಕ್ಕೆ ಬಿದ್ದು, ಅವಳು ಬರುವ ತನಕ ಮುಖ ಅಡಿಯಾಗಿ ಬಿದ್ದಿದ್ದ. ಆಮೇಲೆ ನಾನು ಹಟ ಹಿಡಿದು ಮನೆಗೆ ಇಂಟರ್ನೆಟ್ ಹಾಕಿಸಿ, ಒಂದು ವೈಫೈ ಕ್ಯಾಮೆರಾ ತಂದು ಕಂಪ್ಯೂಟರಿನ ಮೇಲಿನ ಹಲಗೆಗೆ ಕೂರಿಸಿದೆ. ಅಂಗಡಿಯಲ್ಲಿ ವಕೀಲರ ಕಾಗದ ಟೈಪು ಮಾಡುತ್ತಾ ಮಾಡುತ್ತಾ ಫೋನು ತೆಗೆದರೆ ತಮ್ಮ ಕಾಣುತ್ತಿದ್ದ. ಚಿತ್ರ ಸಣ್ಣದು, ಕಂಟ್ರೋಲರಿನ ದೀಪ ಗೀಪ ಏನೂ ಕಾಣದು. ಕಾಣುವುದು ಅವನ ಮುಖ ಮತ್ತು ಕೈ.

ನಾನು ನೋಡಿದಾಗಲೆಲ್ಲ ಆ ಕೈ ಸುಮ್ಮನಿರುತ್ತಿತ್ತು. ಒಂದು ಸಲವಲ್ಲ, ಎರಡು ಸಲವಲ್ಲ. ಯಾವಾಗ ನೋಡಿದರೂ ಅವನು ಪರದೆಯನ್ನೇ ನೋಡುತ್ತಾ, ಹೆಬ್ಬೆರಳು ಅಲ್ಲಾಡಿಸದೆ, ಬಾಯಿ ತೆರೆದು ಅವ್ವನನ್ನು ಕರೆಯುತ್ತಿರುತ್ತಿದ್ದ. ಟೈಪು ಮಾಡುವ ಕಾಗದದ ಮೇಲೆ ನನ್ನ ಕಣ್ಣೀರು ಬಿದ್ದು, ಅಂಗಡಿಯ ಮಾಲಕ ಸಾಯಬಣ್ಣ ಒಮ್ಮೆ, "ರಾಜೇಶ್ವರಿ, ಏನಾಗ್ಯದವ್ವಾ?" ಎಂದು ಕೇಳಿದರೆ, "ನಿಮಗ್ಯಾಕ್ರಿ ಊರ ಉಸಾಬರಿ?" ಎಂದುಬಿಟ್ಟೆ. ಪಾಪ, ಒಳ್ಳೆಯ ಮನುಷ್ಯ.

ಚನ್ನು ಮಾತ್ರ ಒಂದೇ ಮಾತು ಹಿಡಿದಿದ್ದ. "ಅಕ್ಕ, ಕೈ ಛಲೋ ಅದ. ಇದೇ ಕಟ್ ಆಗಾಕತ್ತದ."

"ಹೊಸ ಕಂಟ್ರೋಲರ್ ಹ್ಯಾಂಗ ಕಟ್ ಆಗ್ತದೋ?"

"ನನಗೇನ್ ಗೊತ್ತು? ಆದ್ರ ಕೈ ಅಲ್ಲ. ನನ್ನ ಕೈ ನನಗ ಗೊತ್ತಾಗಂಗಿಲ್ಲ ಏನು?"

ನಾನು ಹೂಂ ಎನ್ನುತ್ತಿದ್ದೆ. ರೋಗಿಗಳಿಗೆ ಜನ ಹೂಂ ಎನ್ನುತ್ತಾರಲ್ಲ, ಆ ಹೂಂ. ಅವನಿಗೆ ಅದು ತಿಳಿಯುತ್ತಿತ್ತು. ಒಂದು ಸಂಜೆ ನಾನು ಗಾಡಿ ತಪ್ಪಿಸಿಕೊಂಡು, ಬಸ್ಸಿನಲ್ಲಿ ನಿಂತು ಬಂದು ಒಳಗೆ ಕಾಲಿಡುವುದಕ್ಕೂ ಅವನು "ನೋಡಕ್ಕ, ಮತ್ತ ಕಟ್ ಆಯ್ತು, ಆ ಲಾಲ್‌ಗ ಫೋನ್ ಹಚ್ಚು" ಎನ್ನುವುದಕ್ಕೂ ಸರಿಹೋಯಿತು. ನನ್ನ ತಲೆ ಕೆಟ್ಟಿತು.

"ಕಂಟ್ರೋಲರ್ ಅಲ್ಲೋ, ನಿನ್ನ ಕೈ! ನಿನ್ನ ಕೈ ಹೋಗಾಕತ್ತದ! ಎಷ್ಟು ದಿನ ಹಿಂಗ ಸುಳ್ಳ ಹೇಳ್ಕೋತ ಕೂಡ್ತಿ?"

ಅಪ್ಪ ಹೊರಗಿನ ಕಟ್ಟೆಯ ಮೇಲೆ ಕೂತವರು ಒಳಗೆ ಬರಲಿಲ್ಲ. ಅವ್ವ ಬಾಗಿಲಲ್ಲಿ ನಿಂತು ಸೆರಗು ಬಾಯಿಗೆ ಇಟ್ಟುಕೊಂಡಳು. ಚನ್ನು ನನ್ನ ಮುಖ ನೋಡಿದ, ಅಳಲಿಲ್ಲ. "ತೆಗೆದಿಡವ್ವ ಇದನ್ನ" ಎಂದ. ಅವ್ವ ಕಂಟ್ರೋಲರನ್ನು ತೆಗೆದು ಫ್ರಿಜ್ಜಿನ ಮೇಲೆ ಇಟ್ಟಳು. ಅಲ್ಲಿಂದ ಅವನು ಆಡಲಿಲ್ಲ, ನನ್ನ ಜೊತೆ ಮಾತನ್ನೂ ಆಡಲಿಲ್ಲ. ಕಿಟಕಿಗೆ ಮುಖ ಮಾಡಿ ಕೂರಿಸು ಎನ್ನುತ್ತಿದ್ದ. ಕಿಟಕಿಯಿಂದ ಕಾಣುವುದೇನು, ಸಿಮೆಂಟಿನ ಧೂಳು ಕೂತ ಬೇವಿನ ಗಿಡ ಒಂದು. ನನಗೂ ಹಟ. ಕ್ಷಮಿಸು ಎನ್ನಲು ಬಾಯಿ ಬರಲಿಲ್ಲ. ಎದುರಿಗೆ ಹೋಗಲು ಮುಖ ಇಲ್ಲದೆ, ಒಂದೇ ಮನೆಯಲ್ಲಿದ್ದುಕೊಂಡು ಅಡುಗೆಮನೆಯಲ್ಲಿ ಕೂತು ಫೋನಿನಲ್ಲಿ ಅವನನ್ನು ನೋಡುತ್ತಿದ್ದೆ. ಹುಚ್ಚು ಅಂದರೆ ಇದೇ ನೋಡಿ.

ಒಂದು ರವಿವಾರ ಲಾಲ್ ಅಹ್ಮದ್ ಬಂದ. ಬಂದವನೇ ಕಂಟ್ರೋಲರ್ ಎಲ್ಲಿ ಎಂದು ಕೇಳಿ, ಫ್ರಿಜ್ಜಿನ ಮೇಲಿಂದ ತಾನೇ ತೆಗೆದುಕೊಂಡ.

"ನೀ ಆಡಲಿಲ್ಲಂದ್ರ ನಾ ಆಡ್ತೀನಿ ಯಾರ್. ನೀ ಕುಂತು ಬೈಯು."

"ನಿನಗ ಬರೂದಿಲ್ಲ" ಎಂದ ಚನ್ನು. ಎಷ್ಟೋ ದಿನದ ಮೇಲೆ ಅವನ ದನಿಯಲ್ಲಿ ಸ್ವಲ್ಪ ಉಪ್ಪು ಖಾರ ಇತ್ತು.

ನಾನು ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದೆ. ಅವರು ಏನು ಮಾಡುತ್ತಿದ್ದಾರೆ ನೋಡಬೇಕು, ಹೋಗಲು ಮನಸ್ಸಿಲ್ಲ. ಕೈ ಒರೆಸಿಕೊಂಡು ಫೋನನ್ನು ಹಿಟ್ಟಿನ ಡಬ್ಬಿಗೆ ಆನಿಸಿ ಕ್ಯಾಮೆರಾ ತೆರೆದೆ. ಚಿತ್ರ ಬಂತು. ಲಾಲ್ ಅಹ್ಮದ್ ಸ್ಟೂಲಿನ ಮೇಲೆ ಕೂತಿದ್ದ, ಚನ್ನು ಪಕ್ಕದಲ್ಲಿ. ಅಷ್ಟರಲ್ಲೇ ಪಡಸಾಲೆಯಿಂದ ಕೂಗು ಬಂತು.

"ಅರೇ! ಕಟ್ ಆಯ್ತಲ್ಲೋ!"

ಬೆಂಕಿಯ ಮೇಲಿನ ರೊಟ್ಟಿ ಮರೆತೆ. ಲಾಲ್ ಅಹ್ಮದನ ಕೈಗೆ ಯಾವ ರೋಗವೂ ಇಲ್ಲ. ಕೂದಲೆಳೆಯಂಥ ತಂತಿ ಬೆಸೆಯುವ ಕೈ ಅದು. ಫೋನು ಮುಚ್ಚಿದೆ, ಎದ್ದು ಹೋಗೋಣ ಎಂದು. ಅಲ್ಲಿಂದ ಲಾಲ್ "ಹಾಂ, ಬಂತು ಬಂತು" ಎಂದ. ನಾನು ನಿಂತೆ. ಏನೋ ಹೊಳೆದ ಹಾಗಾಯಿತು. ಮತ್ತೆ ಕ್ಯಾಮೆರಾ ತೆರೆದೆ. ಚಿತ್ರ ಬಂದು ಅವನು ಎರಡು ಹೆಜ್ಜೆ ಆಡುವುದರೊಳಗೆ, "ಥೂ, ಮತ್ತ!" ಮುಚ್ಚಿದೆ. ಆಟ ನಡೆಯಿತು. ತೆರೆದೆ. "ಏ, ಇದರವ್ವನ!" ಎಂದ ಲಾಲ್ ಅಹ್ಮದ್.

ನಾನು ನೋಡಿದಾಗಲೆಲ್ಲ ಅವನ ಕೈ ಸುಮ್ಮನಿರುತ್ತಿದ್ದದ್ದು ಯಾಕೆ ಎಂದು ಆಗ ಗೊತ್ತಾಯಿತು. ನಾನು ನೋಡುತ್ತಿದ್ದೆ, ಅದಕ್ಕೇ. ಹಿಟ್ಟಿನ ಕೈಯಲ್ಲೇ ಪಡಸಾಲೆಗೆ ಓಡಿ, "ಲಾಲ್, ನಾ ಫೋನ್ ತಗದ್ರ ಕಟ್ ಆಗ್ತದ, ಮುಚ್ಚಿದ್ರ ಬರ್ತದ!" ಎಂದು ಕಿರುಚಿದೆ. ಇಬ್ಬರೂ ನನ್ನನ್ನು ದೆವ್ವ ಬಡಿದವಳ ಹಾಗೆ ನೋಡಿದರು.

ಲಾಲ್ ಅಹ್ಮದ್ ನನ್ನ ಕೈಯಿಂದ ಫೋನು ಇಸಿದುಕೊಂಡು ತಾನೇ ತೆರೆದು ಮುಚ್ಚಿ ನೋಡಿದ. ಆಮೇಲೆ ಮೊಣಕಾಲೂರಿ ಮೇಜಿನ ಕೆಳಗೆ ನುಸುಳಿದ. ಅಲ್ಲಿಂದಲೇ ಹಣೆ ಬಡಿದುಕೊಂಡ ಸಪ್ಪಳ ಕೇಳಿಸಿತು.

"ಯಾ ಅಲ್ಲಾ! ಅಕ್ಕಾ, ಇಷ್ಟು ದಿನ ಅಂಗಡ್ಯಾಗ ಕುಂತೇ ರಿಪೇರಿ ಮಾಡೀನಿ, ಒಮ್ಮ್ಯಾರೆ ಇಲ್ಲಿ ಬಗ್ಗಿ ನೋಡಿಲ್ಲ. ನನ್ನಂಥ ಗಧಾ ಇನ್ನೊಬ್ಬನಿಲ್ಲ."

ಮೇಜಿನ ಕೆಳಗೆ ಏನಿತ್ತು ಅಂದರೆ, ಅಪ್ಪ ಮಾಡಿದ ತಗಡಿನ ಗೂಡು ಇತ್ತು. ಅಪ್ಪ ನಾಗೇಂದ್ರಪ್ಪ ಸಿಮೆಂಟ್ ಫ್ಯಾಕ್ಟರಿಯಲ್ಲಿ ಫಿಟ್ಟರ್. ನಮ್ಮ ಊರಿನಲ್ಲಿ ಧೂಳು ಹೇಗೆ ಅಂದರೆ ಬೆಳಿಗ್ಗೆ ಒರೆಸಿದ ಟಿವಿಯ ಮೇಲೆ ಸಂಜೆ ಹೆಸರು ಬರೆಯಬಹುದು. ಮಗನ ಕಂಪ್ಯೂಟರಿಗೆ ಧೂಳು ಹೋಗಬಾರದೆಂದು ಅಪ್ಪ ತಗಡು ಕತ್ತರಿಸಿ, ಗಾಳಿಗೆ ತೂತು ಕೊರೆದು, ಒಳ್ಳೆಯ ಪಾಲಿಶ್ ಮಾಡಿ ಗೂಡು ಮಾಡಿದ್ದರು. ಕಂಪ್ಯೂಟರ್ ಅದರ ಒಳಗೆ. ಕಂಟ್ರೋಲರಿನ ಮಾತು ಕೇಳುವ ಉಗುರಿನಷ್ಟು ಬ್ಲೂಟೂತ್ ತುಂಡು ಕಂಪ್ಯೂಟರಿನ ಬೆನ್ನಿಗೆ, ಗೋಡೆಯ ಕಡೆ. ಅದರ ಪಕ್ಕದ ಯುಎಸ್‌ಬಿ ತೂತಿಗೇ ದೀಪಾವಳಿಗೆ ಗೆಳೆಯರು ಬೇರೆ ಆಟಗಳನ್ನು ತುಂಬಿ ಕೊಟ್ಟ ಹಾರ್ಡ್ ಡಿಸ್ಕ್. ತಗಡಿನ ನೆತ್ತಿಯ ಮೇಲೆ, ಧೂಳಿಲ್ಲದ ಜಾಗವೆಂದು, ಇಂಟರ್ನೆಟ್ಟಿನವರು ಕೂರಿಸಿಹೋದ ರೌಟರ್. ಅದರ ಮೇಲಿನ ಹಲಗೆಯಲ್ಲಿ ನನ್ನ ಕ್ಯಾಮೆರಾ.

"ನೋಡಕ್ಕಾ" ಎಂದು ಲಾಲ್ ಅಹ್ಮದ್ ನೆಲದ ಮೇಲೆ ಕೂತೇ ಹೇಳಿದ. "ಬ್ಲೂಟೂತ್, ವೈಫೈ ಎರಡೂ ಮಾತಾಡೋದು ಒಂದೇ ಪಟ್ಟಿಯೊಳಗ, ಟೂ ಪಾಯಿಂಟ್ ಫೋರ್ ಗಿಗಾಹರ್ಟ್ಸ್ ಅಂತಾರ. ಬ್ಲೂಟೂತ್ ಒಂದು ಕಡೆ ನಿಂತು ಮಾತಾಡಂಗಿಲ್ಲ, ಜಿಗಿಕೋತ ಇರ್ತದ. ಒಂದು ಕಡೆ ಗದ್ಲ ಇದ್ರ ಇನ್ನೊಂದು ಕಡೆ. ದೂರ ಇದ್ದ ವೈಫೈ ಅದಕ್ಕ ಏನೂ ಮಾಡಂಗಿಲ್ಲ. ಆದ್ರ ರೌಟರ್ ಕಿವ್ಯಾಗ ಕುಂತು ಕೂಗಾಕತ್ರ ಎಲ್ಲಿಗೆ ಜಿಗೀಬೇಕು? ನೀ ಕ್ಯಾಮೆರಾ ತಗದ್ರ ವಿಡಿಯೋ ಹರೀತದ, ಗದ್ಲ ಜಾಸ್ತಿ. ಜಂಕ್ಷನ್ನಾಗ ಮಾಲಗಾಡಿ ಹೋಗೂ ಹೊತ್ತಿನಾಗ ಫೋನಿನಾಗ ಮಾತಾಡಿದಂಗ."

"ನಾ ನೋಡದೇ ಇದ್ದಾಗೂ ಕಟ್ ಆಗ್ತಿತ್ತಲ್ಲ?"

"ಹಾರ್ಡ್ ಡಿಸ್ಕ್ ಅದಲ್ಲ ಬಾಜೂಕ! ಜೋರ್ ನಡೆಯೋ ಯುಎಸ್‌ಬಿ ಇದು. ಇದರ ವೈರಿಂದ್ಲೂ ಅದೇ ಪಟ್ಟಿಯೊಳಗ ಗದ್ಲ ಹೊರಗ ಬೀಳ್ತದ. ಮ್ಯಾಲಿಂದ ಸುತ್ತಾ ತಗಡು. ಕಂಟ್ರೋಲರಿನ ದನಿ ಒಳಗ ಹೋಗಬೇಕಂದ್ರ ಹ್ಯಾಂಗ ಹೋಗ್ತದ? ಅಂಗಡ್ಯಾಗ ಇದೇನೂ ಇರಲಿಲ್ಲ, ಅದಕ್ಕ ಅಲ್ಲಿ ಛಲೋ ನಡೀತಿತ್ತು."

ಅಪ್ಪ ಯಾವಾಗ ಬಾಗಿಲಿಗೆ ಬಂದು ನಿಂತಿದ್ದರೋ. "ಧೂಳಿಗಂತ ಮಾಡಿದ್ದೆ" ಎಂದರು, ಇಷ್ಟೇ ಇಷ್ಟು ದನಿಯಲ್ಲಿ. ತಾವೇ ಬಗ್ಗಿ ಆ ಗೂಡನ್ನು ಎತ್ತಿ ಹಿತ್ತಲಿಗೆ ಒಯ್ದರು.

ಅವತ್ತು ಮಧ್ಯಾಹ್ನ ನಮ್ಮ ಪಡಸಾಲೆ ತಿರುಗಾಮುರುಗಾ ಆಯಿತು. ಲಾಲ್ ಅಹ್ಮದ್ ಬ್ಲೂಟೂತ್ ತುಂಡಿಗೆ ಒಂದು ಉದ್ದ ವೈರ್ ಸಿಕ್ಕಿಸಿ ಅದನ್ನು ಮೇಜಿನ ಮುಂಭಾಗಕ್ಕೆ, ಚನ್ನುವಿನ ಕಂಟ್ರೋಲರಿಗೆ ನೇರ ಕಾಣುವ ಹಾಗೆ ತಂದು ಅಂಟಿಸಿದ. ಹಾರ್ಡ್ ಡಿಸ್ಕನ್ನು ಆ ಕಡೆಯ ತೂತಿಗೆ ದೂರ ಹಾಕಿದ. ರೌಟರನ್ನು ನಡುಮನೆಯ ಗೋಡೆಗೆ ಏರಿಸಿದ, ಕ್ಯಾಮೆರಾವನ್ನು ಬಾಗಿಲ ಮೇಲಿನ ದೂರದ ಮೂಲೆಗೆ ಒಯ್ದ. ಅವ್ವ ತನ್ನ ಹಳೆಯ ಇಳಕಲ್ ಸೀರೆ ಹರಿದು ಕಂಪ್ಯೂಟರಿಗೆ ಗವಸು ಹೊಲಿದಳು. ಬಟ್ಟೆ ಏನೂ ಅಡ್ಡ ಮಾಡುವುದಿಲ್ಲ ಎಂದು ಲಾಲ್ ಅಹ್ಮದ್ ನಾಲ್ಕು ಸಲ ಹೇಳಿದ ಮೇಲೆಯೇ ಹಾಕಿದಳು. ಆಮೇಲೆ ಕಂಟ್ರೋಲರನ್ನು ಚನ್ನುವಿನ ದಿಂಬಿನ ಮೇಲಿಟ್ಟು, ಬೆರಳು ಹೊಂದಿಸಿ, "ಅಕ್ಕಾ, ಈಗ ಕ್ಯಾಮೆರಾ ತಗಿ" ಎಂದ. ತೆಗೆದೆ. ಚನ್ನು ಆಡಿದ. ದೀಪ ಒಂದೇ ಸಮ ಉರಿಯಿತು, ತಮ್ಮಣ್ಣ ಚೆಂಡು ಕಸಿದುಕೊಂಡು ಅತ್ತಲಿಂದಿತ್ತ ಓಡಿದ, ಗೋಲಾಯಿತು. ಎಲ್ಲರೂ ಕೂಗಿದೆವು. ಅಪ್ಪ ಕೂಡ.

ಚನ್ನು ನನ್ನ ಕಡೆ ತಿರುಗಿ, "ನಾ ಹೇಳಿದ್ದಿಲ್ಲ?" ಎಂದ.

"ಹೇಳಿದ್ದಿ."

"ಕೈ ಅಲ್ಲ ಅಂತ ಹೇಳಿದ್ದಿಲ್ಲ?"

"ಹೇಳಿದ್ದಿ ನನ್ನಪ್ಪಾ, ಹೇಳಿದ್ದಿ. ನನ್ನ ಬಾಯಾಗ ಮಣ್ಣ ಹಾಕ." ಅವನ ಹಣೆಗೆ ನನ್ನ ಹಣೆ ತಾಗಿಸಿ ಅತ್ತೆ. ಅವನ ಮೂಗಿಗೆಲ್ಲ ಹಿಟ್ಟು ಹತ್ತಿತು, "ಸರಿ ಆಕಡೆ, ಆಟ ನಡದದ" ಎಂದ.

ಆಮೇಲಿನ ದಿನಗಳನ್ನು ನೆನೆಸಿದರೆ ಈಗಲೂ ಹೊಟ್ಟೆ ತಣ್ಣಗಾಗುತ್ತದೆ. ಸಂಜೆ ನಾನು ಬರುವಾಗ ಸ್ಟೇಷನ್ನಿನಿಂದ ಬಿಸಿ ಮಿರ್ಚಿ ಭಜಿ ತರುತ್ತಿದ್ದೆ. ಅವನು ಆಡುತ್ತಾ ಬಾಯಿ ತೆರೆಯುತ್ತಿದ್ದ, ನಾನು ಮುರಿದು ಇಡುತ್ತಿದ್ದೆ. ಅಂಗಡಿಯಲ್ಲಿ ಫೋನು ತೆಗೆದರೆ ದೂರದಿಂದ ಅವನ ಬೆನ್ನು, ಪರದೆ, ಓಡುವ ಆಟಗಾರರು ಕಾಣುತ್ತಿದ್ದರು. ಸಾಯಬಣ್ಣನಿಗೂ ತೋರಿಸಿದೆ. ಮನೆಗೆ ಬಂದವರಿಗೆಲ್ಲ ಚನ್ನು, "ನಮ್ಮಕ್ಕಗ ನನ್ನ ಮ್ಯಾಲ ನಂಬಿಗಿ ಇರಲಿಲ್ಲ, ಅಡಿಗಿಮನ್ಯಾಗ ಕುಂತು ನನ್ನ ಆಟ ಕೆಡಿಸ್ತಿದ್ಲು" ಎಂದು ಹೇಳಿ ನಗಿಸುತ್ತಿದ್ದ. ನಾನು ಬೈದ ಹಾಗೆ ಮಾಡುತ್ತಿದ್ದೆ. ಸಂಕ್ರಾಂತಿಯ ನಂತರ ಕಲಬುರಗಿಗೆ ಹೋಗಬೇಕಿತ್ತು. "ಯಾಕ ಹೋಗೂದವ್ವಾ? ಕೈಗೆ ಏನಾಗ್ಯದ? ಎಲ್ಲಾ ಆ ರೌಟರಿಂದು" ಎಂದು ಅವ್ವನಿಗೆ ಹೇಳಿ ನಾನೇ ಬೇಡವೆಂದೆ. ಡಾಕ್ಟರರ ಮಾತನ್ನೂ ಆ ತಗಡಿನ ಗೂಡಿನ ಜೊತೆ ಹಿತ್ತಲಿಗೆ ಎಸೆದಿದ್ದೆ ನಾನು. ಅಷ್ಟು ಖುಷಿ ನನಗೆ.

ಬಿಸಿಲು ಏರುತ್ತಿದ್ದ ಕಾಲ. ಒಂದು ಸಂಜೆ ಮಿರ್ಚಿಯ ಕಾಗದ ಕೈಯಲ್ಲಿ ಹಿಡಿದುಕೊಂಡೇ ಅವನ ಪಕ್ಕ ಕೂತಿದ್ದೆ. ಚೆಂಡು ಗೋಲಿನ ಮುಂದೆ ಬಂತು, ಅವನ ಆಟಗಾರ ಒಬ್ಬನೇ ಇದ್ದ, ಎರಡು ಹೆಜ್ಜೆ ಓಡಿದರೆ ಆಯಿತು. ಓಡಲಿಲ್ಲ. ನಿಂತ. ಎದುರಿನವರು ಬಂದು ಚೆಂಡು ಒಯ್ದರು.

"ಕಟ್ ಆಯ್ತು!" ಎಂದು ನಾನೇ ಕೂಗಿದೆ.

ನಾನು ಬಗ್ಗಿ ಕಂಟ್ರೋಲರ್ ನೋಡಿದೆ. ದೀಪ ಮಿಣುಕುತ್ತಿರಲಿಲ್ಲ. ಒಂದೇ ಸಮ ಉರಿಯುತ್ತಿತ್ತು.

"ದೀಪ ಸುಳ್ಳ ತೋರ್ಸಾಕತ್ತದ" ಎಂದೆ. "ಹೊಸಾದು ಯಾರರೆ ವೈಫೈ ಹಾಕ್ಸ್ಯಾರ ಬಾಜೂಕ. ಅಂಬರಾಯ ಹಾಕ್ಸ್ಯಾನ. ಹೌದು, ಅವನದೇ ಇದು." ಎದ್ದು ರೌಟರ್ ಆರಿಸಿದೆ. ಕ್ಯಾಮೆರಾದ ವೈರ್ ಕಿತ್ತೆ. ಹಾರ್ಡ್ ಡಿಸ್ಕ್ ಕಿತ್ತೆ. ನನ್ನ ಫೋನು, ಅವ್ವನ ಫೋನು ಎರಡನ್ನೂ ಬಂದ್ ಮಾಡಿದೆ. "ಈಗ ಆಡು" ಎಂದೆ.

"ಅಕ್ಕ..."

"ಆಡೋ!"

ಅವನು ಪರದೆ ನೋಡಿದ. ಎಡಗೈಯ ಹೆಬ್ಬೆರಳು ಕಡ್ಡಿಯ ಮೇಲಿತ್ತು. ಅವನ ಕತ್ತಿನ ನರ ಬಿಗಿದುಕೊಂಡದ್ದು ಕಂಡಿತು, ತುಟಿ ಕಚ್ಚಿದ್ದು ಕಂಡಿತು. ಬೆರಳು ಅಲ್ಲಾಡಲಿಲ್ಲ. ಆಟಗಾರ ನಿಂತ ಜಾಗದಲ್ಲೇ ನಿಂತು ಉಸಿರಾಡುತ್ತಿದ್ದ. ಪರದೆಯ ಆಟಗಾರರನ್ನು ಹಾಗೆ ಮಾಡಿರುತ್ತಾರಲ್ಲ, ನಿಂತರೂ ಎದೆ ಏರಿಳಿಯುತ್ತಿರುತ್ತದೆ.

ನಾನು ಫೋನು ಮತ್ತೆ ಹಚ್ಚಿ ಲಾಲ್ ಅಹ್ಮದನಿಗೆ ಮಾಡಿದೆ. "ಏನ್ ರಿಪೇರಿ ಮಾಡೀಯೋ ನೀ? ನಾಚಿಕಿ ಬರ್ತದಿಲ್ಲ ನಿನಗ? ಮತ್ತ ಕಟ್ ಆಗಾಕತ್ತದ! ಈಗಿಂದೀಗ ಬಾ!" ಓಣಿಯೆಲ್ಲ ಕೇಳುವ ಹಾಗೆ ಬೈದೆ. ಬೈದು ಬೈದು ಅದನ್ನು ಯಂತ್ರದ ತಪ್ಪು ಮಾಡಿಬಿಡಬೇಕೆಂದಿತ್ತು ನನಗೆ.

"ಬೈಬ್ಯಾಡಕ್ಕ ಅವಗ" ಎಂದ ಚನ್ನು.

ಲಾಲ್ ಅಹ್ಮದ್ ಅಂಗಡಿಯ ಷಟರ್ ಎಳೆದು ಬಂದ. ಬೂಟು ಬಾಗಿಲಲ್ಲಿ ಬಿಚ್ಚಿ, ನನ್ನ ಮುಖ ನೋಡಿ, ಕಂಟ್ರೋಲರಿನ ದೀಪ ನೋಡಿದ. ಕಂಟ್ರೋಲರ್ ಕೈಗೆ ತೆಗೆದುಕೊಂಡು ಕಡ್ಡಿಯನ್ನು ಸ್ವಲ್ಪವೇ ಒತ್ತಿದ. ಪರದೆಯ ಆಟಗಾರ ಓಡಿದ. ಥಟ್ಟನೆ ಬೆರಳು ತೆಗೆದ, ಕಳ್ಳತನ ಮಾಡಿ ಸಿಕ್ಕಿಬಿದ್ದವನ ಹಾಗೆ. ಆಮೇಲೆ ಅದನ್ನು ಮೆತ್ತಗೆ ದಿಂಬಿನ ಮೇಲೆ ಇಟ್ಟು, ಚನ್ನುವಿನ ಬೆರಳುಗಳನ್ನು ಮೊದಲಿನ ಹಾಗೆ ಹೊಂದಿಸಿ, ಮೊಣಕಾಲೂರಿ ಮೇಜಿನ ಕೆಳಗೆ ಹೋದ.

"ನನ್ ತಪ್ಪದ ಅಕ್ಕಾ" ಎಂದ ಅಲ್ಲಿಂದಲೇ. "ಏನೋ ಸಡಲ್ ಆಗಿರಬೇಕು. ನೋಡ್ತೀನಿ." ಸ್ಕ್ರೂ ಬಿಚ್ಚಿದ, ಹಾಕಿದ. ವೈರ್ ಕಿತ್ತ, ಸಿಕ್ಕಿಸಿದ. ಅವ್ವ ಗೋಡೆಗೆ ಒರಗಿ ನಿಂತಿದ್ದಳು. ಅವನು ಹುಡುಕುತ್ತಿದ್ದದ್ದು ಅಲ್ಲಿ ಇಲ್ಲ ಎಂದು ನಮಗೆಲ್ಲ ಗೊತ್ತಿತ್ತು. ಆದರೂ ಅವನು ಮೇಜಿನ ಕೆಳಗಿಂದ ಬರುವುದು ಬೇಡ, ಹೀಗೇ ಹುಡುಕುತ್ತಿರಲಿ ಎಂದು ನಾನು ಬೇಡಿಕೊಳ್ಳುತ್ತಿದ್ದೆ.

"ಲಾಲ್, ಸಾಕು ಬಿಡು ಯಾರ್. ಹೊರಗ ಬಾ" ಎಂದ ಚನ್ನು.

ಲಾಲ್ ಅಹ್ಮದ್ ಹೊರಗೆ ಬಂದು ನೆಲ ನೋಡುತ್ತಾ ಕೂತ. ಅವನ ಕಣ್ಣು ಕೆಂಪಗಾಗಿದ್ದವು.

"ಮೊನ್ನಿಂದ ಹಿಂಗೇ ಅದ. ಒಮ್ಮೆ ಏಳ್ತದ, ಒಮ್ಮೆ ಏಳವಲ್ದು. ಇವತ್ತ ಪೂರಾ ಏಳವಲ್ದು" ಎಂದ ಚನ್ನು. ಎಷ್ಟು ಸಮಾಧಾನದಿಂದ ಹೇಳಿದ ಅಂದರೆ, ಮತ್ತೊಬ್ಬರ ಕೈಯ ಸುದ್ದಿ ಹೇಳಿದ ಹಾಗಿತ್ತು. "ಅಕ್ಕಗ ನೀ ಹೇಳು. ನಾ ಹೇಳಿದ್ರ ಆಕಿ ನಂಬಂಗಿಲ್ಲ."

ಲಾಲ್ ಅಹ್ಮದ್ ತೋಳಿನಿಂದ ಮುಖ ಒರೆಸಿಕೊಂಡು ತಲೆ ಅಲ್ಲಾಡಿಸಿದ, ಹೌದೆಂದೋ ಇಲ್ಲವೆಂದೋ ತಿಳಿಯದ ಹಾಗೆ.

"ನಂಬ್ತೀನೋ" ಎಂದೆ ನಾನು. "ನಂಬೀನಿ ನನ್ನಪ್ಪಾ."

ಹೇಳಬೇಕಾದ ಬೇರೆ ಮಾತು ಒಂದೂ ಬರಲಿಲ್ಲ, ಇಷ್ಟು ದೊಡ್ಡ ಬಾಯಿ ಇಟ್ಟುಕೊಂಡು. ಅವನ ಕುರ್ಚಿಯ ಪಕ್ಕ ನೆಲದ ಮೇಲೆ ಕೂತೆ. ಅವನ ಹೆಬ್ಬೆರಳ ಮೇಲೆ ನನ್ನ ಹೆಬ್ಬೆರಳು ಇಟ್ಟೆ. ಆ ಬಿಸಿಲಿನ ಸಂಜೆಯಲ್ಲೂ ಅವನದು ತಣ್ಣಗಿತ್ತು. "ಯಾಕಡೆ ಒತ್ತಲಿ? ಹೇಳು" ಎಂದೆ.

ಅವನು ಮೂಗು ಎಳೆದುಕೊಂಡು, "ಬಲಕ್ಕ" ಎಂದ.

ಒತ್ತಿದೆ. ಪರದೆಯ ಮೇಲೆ ಆಟಗಾರ ಬಲಕ್ಕೆ ಓಡಿದ, ಒಂದು ಕ್ಷಣವೂ ತಡವಿಲ್ಲದೆ, ಎಲ್ಲೂ ಕಡಿಯದೆ.